ಬಿಲ್ಲಿನಲ್ಲಿ ೯ ಎಲ್ಲಿ, 9 ಎಲ್ಲಿ?

ಆಲ್ದೂರು ಕಡೆಯ ಮೆಣಸಿನ ವ್ಯಾಪಾರಿಯೊಬ್ಬರು ಬಿಲ್ಲಿನ ನಮೂನೆ ಮಾಡಿಸಲು ಬಂದಿದ್ದರು. ಹಳೆಯದು ಪೂರ್ತಿ ಇಂಗ್ಲಿಷಿನಲ್ಲಿತ್ತು. "ಎಲ್ಲಾ ಕನ್ನಡಕ್ಕೆ ಮಾಡಿಕೊಡಿ ಸಾರ್, ಅಂಕಿ ಸಮೇತ. ನಮ್ಮ ಗಿರಾಕಿಗಳೆಲ್ಲ ಇಲ್ಲಿಯವರೇ" ಎಂದರು. ಚಿಕ್ಕಮಗಳೂರಿನಲ್ಲಿ ಅನುವಾದ ಮತ್ತು ಡಿಟಿಪಿ ಕೆಲಸ ಮಾಡುವ ನನಗೆ ಈ 'ಅಂಕಿ ಸಮೇತ' ಅನ್ನುವ ಮಾತು ಆಗಾಗ ಕೇಳಿಸುತ್ತದೆ. ಹೂಂ ಅನ್ನುವ ಮುಂಚೆ ಭರ್ತಿ ಮಾಡಿದ ಒಂದು ಹಳೇ ಬಿಲ್ ಕೊಡಿ ಎನ್ನುತ್ತೇನೆ. ಖಾಲಿ ನಮೂನೆ ನೋಡಿದರೆ ಯಾವ ಅಂಕಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.

ಅವರು ಕೊಟ್ಟ ಬಿಲ್ಲಿನಲ್ಲಿ ಇದ್ದದ್ದು ಇಷ್ಟು. ಬಿಲ್ ಸಂಖ್ಯೆ M/25-26/104. ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ, ಕರ್ನಾಟಕದ್ದಾದ್ದರಿಂದ 29ರಿಂದ ಶುರು. ಕರಿಮೆಣಸು, ಸರಕಿನ ಕೋಡ್ 0904. ತೂಕ 48 ಕೆ.ಜಿ., ದರ 620 ರೂಪಾಯಿ, ಮೊತ್ತ 29,760. ಅದರ ಮೇಲೆ ಶೇಕಡಾ 5 ಜಿಎಸ್‌ಟಿ, ಅಂದರೆ ಕೇಂದ್ರಕ್ಕೆ 744, ರಾಜ್ಯಕ್ಕೆ 744. ಒಟ್ಟು 31,248. ಕೆಳಗೆ ಬ್ಯಾಂಕ್ ಖಾತೆ, ಫೋನ್ ನಂಬರ್, ಮತ್ತೆ ನಾಲ್ಕು ಷರತ್ತುಗಳು.

ನಾನು ಪೆನ್ಸಿಲ್ ಹಿಡಿದು ಪ್ರತಿ ಅಂಕಿಯ ಪಕ್ಕದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಯಾರಾದರೂ ಬರೀ ಓದಿ ಬಿಡುತ್ತಾರೋ, ಇಲ್ಲ ಇದನ್ನು ನೋಡಿಕೊಂಡು ಇನ್ನೆಲ್ಲೋ ಒತ್ತುತ್ತಾರೋ? ಓದಿ ಬಿಡುವ ಅಂಕಿ ಕನ್ನಡದಲ್ಲಿರಬಹುದು. ಒತ್ತುವ ಅಂಕಿ, ಅಂದರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಮತ್ತೆ ಹೊಡೆಯಬೇಕಾದ ಅಂಕಿ, 0ಯಿಂದ 9ರ ರೂಪದಲ್ಲೇ ಇರಬೇಕು.

ಬಿಲ್ ಸಂಖ್ಯೆಯನ್ನೇ ನೋಡಿ. ಜಿಎಸ್‌ಟಿ ನಿಯಮದ ಪ್ರಕಾರ ಅದು ಹದಿನಾರು ಅಕ್ಷರ ಮೀರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಬಿಟ್ಟು ಬೇರೇನೂ ಅದರಲ್ಲಿ ಇರುವ ಹಾಗಿಲ್ಲ. ಕಾಗದದ ಮೇಲೆ ಎಂ/೨೫-೨೬/೧೦೪ ಎಂದು ಅಚ್ಚು ಹಾಕಿಸಿದರೂ ಲೆಕ್ಕ ಬರೆಯುವ ಹುಡುಗ ರಿಟರ್ನ್ ತುಂಬುವಾಗ M/25-26/104 ಎಂದೇ ಹೊಡೆಯಬೇಕು. ಆಗ ಕಾಗದದಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು. ಕೊಂಡುಕೊಂಡವರೂ ವ್ಯಾಪಾರಿಯಾಗಿದ್ದರೆ ತಾವು ಕೊಟ್ಟ ತೆರಿಗೆಯನ್ನು ಹೊಂದಿಸಿಕೊಳ್ಳಲು ಇದೇ ಸಂಖ್ಯೆ ಹುಡುಕುತ್ತಾರೆ. ಅವರ ಕೈಯಲ್ಲಿರುವ ಕಾಗದ ಬೇರೆ ಥರ ಇದ್ದರೆ ಫೋನ್ ಬರುವುದು ನಮ್ಮ ವ್ಯಾಪಾರಿಗೆ. ಜಿಎಸ್‌ಟಿ ಸಂಖ್ಯೆ, ಸರಕಿನ ಕೋಡ್, ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್, ಪಿನ್‌ಕೋಡ್, ಫೋನ್ ಎಲ್ಲವೂ ಇದೇ ಜಾತಿಗೆ ಸೇರಿದವು. ಇವು ನೋಡಲು ಸಂಖ್ಯೆ, ಕೆಲಸದಲ್ಲಿ ಹೆಸರು. ಹೆಸರನ್ನು ಅನುವಾದ ಮಾಡುವುದಿಲ್ಲ, ಅಲ್ವಾ? ಇದರಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ವಾಹನದ ನಂಬರ್ ಬಂದರಂತೂ ಚರ್ಚೆಯೇ ಇಲ್ಲ. ನಂಬರ್ ಪ್ಲೇಟಿನಲ್ಲಿ KA-18 ಅನ್ನು ಇಂಗ್ಲಿಷ್ ಅಕ್ಷರ, 0-9 ಅಂಕಿಗಳಲ್ಲೇ ಬರೆಯಬೇಕು ಅಂತ ಮೋಟಾರು ವಾಹನ ನಿಯಮವೇ ಇದೆ.

ತೂಕ, ದರ, ಮೊತ್ತ? ಇಲ್ಲಿ ಯೋಚಿಸಬೇಕಾಗುತ್ತದೆ. ಓದುವ ಅಂಕಿಗಳೂ ಹೌದು, ಕೂಡುವ ಅಂಕಿಗಳೂ ಹೌದು. ಈ ಬಿಲ್ಲು ಆಡಿಟರ್ ಮೇಜಿಗೆ ಹೋಗುತ್ತದೆ, ಅಲ್ಲಿ ಯಾರೋ ಕ್ಯಾಲ್ಕುಲೇಟರ್ ಇಟ್ಟುಕೊಂಡು ತಾಳೆ ನೋಡುತ್ತಾರೆ. ಆದ್ದರಿಂದ ಮೂರೂ ಕಾಲಂ 0-9ರಲ್ಲೇ ಇರಲಿ ಎಂದೆ. ಅರ್ಧ ಕಾಲಂ ಹೀಗೆ, ಅರ್ಧ ಹಾಗೆ ಮಾಡಿದರೆ ಎರಡಕ್ಕೂ ಕೆಟ್ಟದು. ಒಂದೇ ಸಂಖ್ಯೆಯೊಳಗೆ ಬೆರಕೆಯಂತೂ ಕೂಡದು. ೩1,248 ಅಂತ ಬರೆದ ಬಿಲ್ ನಾನು ಕಣ್ಣಾರೆ ಕಂಡಿದ್ದೇನೆ.

ವ್ಯಾಪಾರಿಗೆ ಬೇಜಾರಾಯಿತು. "ಹಾಗಾದ್ರೆ ಕನ್ನಡ ಅಂಕಿ ಎಲ್ಲಿ ಉಳೀತು ಸಾರ್?" ಎಂದರು. ಉಳಿಯಿತು. ಕ್ರಮ ಸಂಖ್ಯೆಯ ಕಾಲಂ ೧, ೨, ೩ ಆಯಿತು. ಷರತ್ತುಗಳ ಸಂಖ್ಯೆ ಕನ್ನಡದಲ್ಲಿ, 'ಹಣವನ್ನು ೧೫ ದಿನದೊಳಗೆ ಕೊಡಬೇಕು' ಅನ್ನುವುದೂ ಕನ್ನಡದಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, 'ಮೂವತ್ತೊಂದು ಸಾವಿರದ ಇನ್ನೂರ ನಲವತ್ತೆಂಟು ರೂಪಾಯಿ ಮಾತ್ರ' ಅನ್ನುವ ಸಾಲು ದಪ್ಪಕ್ಷರದಲ್ಲಿ ಬಂತು. ಅಂಕಿ ಓದಲು ತಡವರಿಸುವವರಿಗೂ ಆ ಸಾಲು ಸಾಕು. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ಜಗಳ ಬಂದರೆ ಕಾನೂನು ಅಕ್ಷರದ ಮೊತ್ತವನ್ನೇ ಹಿಡಿಯುತ್ತದೆ ಅನ್ನುವುದನ್ನೂ ಹೇಳಿದೆ. ಆಮೇಲೆ ಸ್ವಲ್ಪ ಸಮಾಧಾನವಾದಂತೆ ಕಂಡರು.

ಇದೇ ಕೆಲಸ ದೇವಸ್ಥಾನದ ಸೇವಾ ರಸೀದಿಯಾಗಿದ್ದರೆ ನನ್ನ ಉತ್ತರ ಬೇರೆ. ರಸೀದಿ ಹರಿದು ಕೈಗೆ ಕೊಡುತ್ತಾರೆ, ಭಕ್ತರು ಜೇಬಿಗಿಟ್ಟುಕೊಂಡು ಹೋಗುತ್ತಾರೆ. ಅದರಲ್ಲಿ ದಿನಾಂಕ, ಸೇವೆಯ ದರ ಎಲ್ಲವೂ ಕನ್ನಡ ಅಂಕಿಯಲ್ಲಿದ್ದರೆ ಚೆಂದ. ಫೋನ್ ನಂಬರ್ ಒಂದನ್ನು ಬಿಟ್ಟು.

ಅಂದಹಾಗೆ, 1, 2, 3 ಅನ್ನು ನಾವು 'ಇಂಗ್ಲಿಷ್ ಅಂಕಿ' ಅನ್ನುತ್ತೇವೆ. ಸಂವಿಧಾನದ 343ನೇ ವಿಧಿ ಅವನ್ನು ಕರೆಯುವುದು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಎಂದು. ಆ ವಿಧಿ ಕೇಂದ್ರ ಸರ್ಕಾರದ ಆಡಳಿತಕ್ಕೆ ಸಂಬಂಧಿಸಿದ್ದು, ನಮ್ಮೂರಿನ ಅಂಗಡಿ ಬಿಲ್ಲಿಗಲ್ಲ. ಆದರೆ 1, 2, 3 ಬರೆದರೆ ಕನ್ನಡಕ್ಕೆ ದ್ರೋಹ ಎಂದು ಬೈಯುವವರಿಗೆ ಸುಮ್ನೆ ಇದನ್ನು ಹೇಳುತ್ತಿರುತ್ತೇನೆ.

ಈಗ ನಾನೇ ಮಾಡಿಕೊಂಡ ಎಡವಟ್ಟು. ಒಂದು ಸಹಕಾರ ಸಂಘದ ಸಾಲದ ಅರ್ಜಿ ಬಂದಿತ್ತು. ಯಾರೋ ಮೊಬೈಲಿನಲ್ಲಿ ಟೈಪ್ ಮಾಡಿದ ಹಳೆಯ ಕಡತ, ಅಂಕಿಗಳೆಲ್ಲ ಕನ್ನಡದಲ್ಲಿ. ಕಾಲಂಗಳನ್ನು ಕಂಪ್ಯೂಟರಿಗೆ ತುಂಬಬೇಕು, 0-9 ಮಾಡಿಕೊಡಿ ಎಂದರು. ಎರಡು ನಿಮಿಷದ ಕೆಲಸ ಅಂದುಕೊಂಡು ಹತ್ತೂ ಅಂಕಿಗಳನ್ನು ಹುಡುಕಿ ಬದಲಿಸಿಬಿಟ್ಟೆ. ಅಚ್ಚಿಗೆ ಹೋಗುವ ಮುಂಚೆ ಶೀರ್ಷಿಕೆ ನೋಡಿದರೆ 'ಸಾಲದ ಅಜಿ9' ಎಂದಿತ್ತು! ಒಳಗೆ 'ಸ0ಘ', 'ಕನಾ9ಟಕ', 'ವಷ9'.

ಆದದ್ದು ಇಷ್ಟೇ. ಒಂಬತ್ತು ಮತ್ತು ಅರ್ಕಾವೊತ್ತು ನೋಡಲು ಒಂದೇ ಥರ. ಅರ್ಕಾವೊತ್ತು ಹೊಡೆಯಲು ಗೊತ್ತಿಲ್ಲದವರು ಅರ್ಜಿಯನ್ನು 'ಅಜಿ೯' ಎಂದು ಒಂಬತ್ತು ಹಾಕಿ ಹೊಡೆಯುತ್ತಾರೆ. ಹಾಗೆಯೇ ಅನುಸ್ವಾರದ ಬದಲು ಸೊನ್ನೆ, 'ಸ೦ಘ'. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಯೂನಿಕೋಡಿನಲ್ಲಿ ಮಾತ್ರ ಸೊನ್ನೆ U+0CE6, ಅನುಸ್ವಾರ U+0C82, ಎರಡೂ ಬೇರೆ ಬೇರೆ.

ಅದಕ್ಕೇ ಈಗ ಮೊದಲು ಅಕ್ಷರ ಸರಿ ಮಾಡಿ, ಆಮೇಲೆ ಅಂಕಿಗೆ ಕೈ ಹಾಕುತ್ತೇನೆ. ಪ್ರತಿ ೦ ಮತ್ತು ೯ರ ಹಿಂದೆ ಏನಿದೆ ನೋಡುತ್ತೇನೆ. ಹಿಂದೆ ಕನ್ನಡ ಅಕ್ಷರ ಅಂಟಿಕೊಂಡಿದ್ದರೆ ಅದು ಅಂಕಿಯಲ್ಲ, ವೇಷ ಹಾಕಿದ ಅಕ್ಷರ. ಹಿಂದೆ ಅಂಕಿಯೋ ಖಾಲಿ ಜಾಗವೋ ಇದ್ದರೆ ನಿಜವಾದ ಅಂಕಿ. ಮುಂದೆ ಏನಿದೆ ನೋಡಿದರೆ ಪ್ರಯೋಜನವಿಲ್ಲ, ಯಾಕೆಂದರೆ '೧೦ನೇ', '೨೦ರಂದು' ಎಂದು ಅಂಕಿಯ ಮುಂದೆ ಅಕ್ಷರ ಬರುವುದು ನಮ್ಮಲ್ಲಿ ಮಾಮೂಲು. 'ರೂ೯೦೦' ಎಂದು ಜಾಗ ಬಿಡದೆ ಹೊಡೆದಿದ್ದರೆ ಈ ಉಪಾಯವೂ ಕೈಕೊಡುತ್ತದೆ. ಅದನ್ನು ಕಣ್ಣಲ್ಲೇ ಹಿಡಿಯಬೇಕು.

ನುಡಿ ತಂತ್ರಾಂಶದ ಹಳೇ ಫಾಂಟುಗಳಲ್ಲಿ ಇನ್ನೊಂದು ಮೋಸವಿದೆ. ಅಲ್ಲಿ ಒಂದೇ ಫಾಂಟಿಗೆ e ಮತ್ತು k ಎಂದು ಎರಡು ರೂಪ. e ಹಾಕಿದರೆ 9, k ಹಾಕಿದರೆ ಅದೇ ಅಂಕಿ ೯ ಆಗಿ ಕಾಣುತ್ತದೆ. ಫಾಂಟ್ ಬದಲಾದರೆ ಅಂಕಿಯ ರೂಪವೂ ಬದಲು. ಇಂಥ ಕಡತವನ್ನು ಯೂನಿಕೋಡಿಗೆ ತಂದ ಮೇಲೆ ಮೂಲದ ಅಚ್ಚು ಪ್ರತಿಯ ಪಕ್ಕ ಇಟ್ಟುಕೊಂಡು ಅಂಕಿಗಳನ್ನು ಒಂದೊಂದಾಗಿ ನೋಡದೆ ಬಿಡಬಾರದು.

ಅರ್ಜಿ ಕಾಗದದ್ದಾಗಿದ್ದರೆ ಕಾಲಂ ಸಂಖ್ಯೆ ಕನ್ನಡದಲ್ಲಿರಲಿ, ತುಂಬುವವರು ತಮಗೆ ಬಂದ ಅಂಕಿಯಲ್ಲಿ ತುಂಬಲಿ. ವೆಬ್ ಪುಟದ ಅರ್ಜಿಯಾಗಿದ್ದರೆ ತಲೆನೋವು ಜಾಸ್ತಿ. ಜಾವಾಸ್ಕ್ರಿಪ್ಟಿನಲ್ಲಿ `\d` ಅನ್ನುವುದು 0-9 ಮಾತ್ರ ಹಿಡಿಯುತ್ತದೆ. ಕನ್ನಡದಲ್ಲಿ ಫೋನ್ ನಂಬರ್ ಹೊಡೆದ ಅಜ್ಜನಿಗೆ 'ತಪ್ಪು ಸಂಖ್ಯೆ' ಅನ್ನುತ್ತದೆ. ತಪ್ಪು ಅಜ್ಜನದಲ್ಲ. ಪುಟ ಮಾಡುವವರಿಗೆ ನಾನು ಕೊಡುವ ಸಾಲು ಇದು:

```
s.replace(/[೦-೯]/g, d => d.charCodeAt(0) - 0x0CE6)
```

ಹೊಡೆದದ್ದನ್ನು ಪರೀಕ್ಷಿಸುವ ಮುಂಚೆ ಇದನ್ನು ಓಡಿಸಿದರೆ ಕನ್ನಡ ಅಂಕಿಗಳು 0-9 ಆಗುತ್ತವೆ. ಸೊನ್ನೆಯ ಬದಲು ಅನುಸ್ವಾರ ಹೊಡೆದಿದ್ದರೆ ಇದಕ್ಕೆ ಸಿಗುವುದಿಲ್ಲ. ಅದಕ್ಕೆ ಬೇರೆಯೇ ಒಂದು ಸಾಲು ಬೇಕು.

ಇನ್ನು ಪ್ರಕಟಣೆ. ಜಮೀನು ಮಾರಾಟದ ಬಗ್ಗೆ ವಕೀಲರೊಬ್ಬರು ಪತ್ರಿಕೆಗೆ ಕೊಡುವ ಪ್ರಕಟಣೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಬೇಕಿತ್ತು. ಜೊತೆಗೆ ಹಳೆಯ ಕ್ರಯಪತ್ರದ ನಕಲು, ಕೈಬರಹದ್ದು, ಕನ್ನಡ ಅಂಕಿ. ಇಂಗ್ಲಿಷ್ ಕರಡಿನಲ್ಲಿ ಮೊದಲ ತುಂಡಿನ ವಿಸ್ತೀರ್ಣ 1 ಎಕರೆ 19 ಗುಂಟೆ ಎಂದಿತ್ತು. ಕ್ರಯಪತ್ರದಲ್ಲಿ ನೋಡಿದರೆ ಅದು ೧೯ ಇರಬಹುದು, ೧೬ ಕೂಡ ಇರಬಹುದು. ಅವಸರದ ಕೈಬರಹದಲ್ಲಿ ೬ ಮತ್ತು ೯ ಹಾಗೆ ಕಲಸಿಹೋಗುತ್ತವೆ. ಉಳಿದೆರಡು ತುಂಡು ಸ್ಪಷ್ಟವಾಗಿದ್ದವು, 28 ಗುಂಟೆ ಒಂದು, 2 ಎಕರೆ 6 ಗುಂಟೆ ಇನ್ನೊಂದು. ಪತ್ರದ ಕೊನೆಯಲ್ಲಿ 'ಒಟ್ಟು ನಾಲ್ಕು ಎಕರೆ ಹತ್ತು ಗುಂಟೆ' ಎಂದು ಅಕ್ಷರದಲ್ಲಿತ್ತು. ಎಕರೆಗೆ 40 ಗುಂಟೆ. 16, 28, 6 ಕೂಡಿದರೆ 50, ಅಂದರೆ ಒಂದು ಎಕರೆ ಹತ್ತು ಗುಂಟೆ. ಅದಕ್ಕೆ ಮೂರು ಎಕರೆ ಸೇರಿಸಿದರೆ ಲೆಕ್ಕ ಕೂಡಿತು. 19 ಆಗಿದ್ದರೆ ಮೂರು ಗುಂಟೆ ಜಾಸ್ತಿಯಾಗುತ್ತಿತ್ತು.

ವಕೀಲರಿಗೆ ಫೋನ್ ಮಾಡಿ ಹೇಳಿದೆ. ಅವರು ಪಹಣಿ ತೆಗೆಸಿ ನೋಡಿದರು, 16 ಎಂದೇ ಇತ್ತು. ಪ್ರಕಟಣೆಯಲ್ಲಿ ಸರ್ವೆ ನಂಬರನ್ನು 0-9ರಲ್ಲೇ ಇಟ್ಟೆವು, ಯಾಕೆಂದರೆ ಓದಿದವರು ಅದನ್ನು ಹಿಡಿದುಕೊಂಡೇ ಪಹಣಿ ಹುಡುಕುತ್ತಾರೆ. ವಿಸ್ತೀರ್ಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆವು. ತಕರಾರು ಸಲ್ಲಿಸಲು ಕೊಟ್ಟ '೧೫ ದಿನಗಳು' ಮಾತ್ರ ಕನ್ನಡ ಅಂಕಿಯಲ್ಲಿ ಉಳಿಯಿತು. ಅದರ ಪಕ್ಕದಲ್ಲೂ ವಕೀಲರು ಕಂಸದೊಳಗೆ 'ಹದಿನೈದು' ಸೇರಿಸಿದರು.