ಹಸಿರು ಕಾಯಿಗೊಂದು ಕಪ್ಪು ಉಂಗುರ

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಕನ್ನಡ ಮನೆ. ಭಾನುವಾರ ಮಧ್ಯಾಹ್ನ ಲೂಡೋ ಆಡಲು ಕೂತರೆ ಜಗಳವಿಲ್ಲದೆ ಏಳುತ್ತಿರಲಿಲ್ಲ. ಹನ್ನೊಂದು ವರ್ಷದ ಮೊಮ್ಮಗ ಕೆಂಪು ಕಾಯಿ ಅಂದುಕೊಂಡು ಹಸಿರು ಕಾಯಿ ನಡೆಸಿಬಿಡುತ್ತಿದ್ದ. ಅಜ್ಜನಿಗೆ ಕಾಯಿ ಎಲ್ಲಿದೆ ಅನ್ನೋದೇ ಕಾಣುತ್ತಿರಲಿಲ್ಲ. ಹುಡುಗನ ತಾಯಿ ಆ ಬೋರ್ಡನ್ನೇ ಚೀಲದಲ್ಲಿ ಹಾಕಿಕೊಂಡು ನನ್ನ ಹತ್ತಿರ ಬಂದರು. ನಾನು ಆಕ್ಯುಪೇಶನಲ್ ಥೆರಪಿಸ್ಟ್. ಕಣ್ಣು ಮಂದವಾದವರಿಗೆ ಅಡುಗೆ, ಔಷಧಿ ಡಬ್ಬಿ, ಮೆಟ್ಟಿಲು ಇಂಥವನ್ನು ಸುಲಭ ಮಾಡಿಕೊಡುವುದು ನನ್ನ ಕೆಲಸ. ಆಟದ ಬೋರ್ಡೂ ಅದರಲ್ಲೇ ಬರುತ್ತದೆ.

ಇಬ್ಬರ ತೊಂದರೆಯೂ ಬೇರೆ ಬೇರೆ. ಹುಡುಗನ ನೋಟ ಚುರುಕಾಗಿಯೇ ಇದೆ, ಕೆಂಪು-ಹಸಿರು ಮಾತ್ರ ಬೇರ್ಪಡುವುದಿಲ್ಲ. ಅಜ್ಜನಿಗೆ ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟು, ನೋಟದ ನಡುನಡುವೆ ಮಸುಕು ತೇಪೆಗಳಿವೆ. ಮಾತಾಡುತ್ತಾ ಇನ್ನೊಂದು ವಿಷಯ ಹೊರಬಿತ್ತು. ಅಜ್ಜ ಈ ತಾಯಿಯ ತಂದೆ, ವಯಸ್ಸಿನಲ್ಲಿ ಒಂದು ಕೆಲಸದ ಮೆಡಿಕಲ್‌ನಲ್ಲಿ ಅವರಿಗೂ ಬಣ್ಣ ಗೊತ್ತಾಗಿರಲಿಲ್ಲವಂತೆ. ಈ ದೋಷ ಎಕ್ಸ್ ಕ್ರೋಮೊಸೋಮಿನಲ್ಲಿ ಬರುತ್ತದೆ. ತಂದೆಯಿಂದ ಮಗಳಿಗೆ ದಾಟಿದರೂ ಅವಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಅವಳ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಇಬ್ಬರ ನಡುವೆ ನಾನೇ ಪೋಸ್ಟ್‌ಮ್ಯಾನ್" ಅಂದರು.

ಮೊದಲ ಸಲ ತಪ್ಪಿದ್ದು ನಾನೇ. ಕಪಾಟಿನ ಬಾಗಿಲು ಸದ್ದು ಮಾಡದಿರಲೆಂದು ಅಂಟಿಸುವ ಪಾರದರ್ಶಕ ಸಿಲಿಕೋನ್ ಗುಂಡಿಗಳು ನನ್ನ ಡ್ರಾಯರಿನಲ್ಲಿ ಯಾವಾಗಲೂ ಇರುತ್ತವೆ. ಕೆಂಪಿಗೆ ಒಂದು, ಹಸಿರಿಗೆ ಎರಡು, ಹಳದಿಗೆ ಮೂರು, ನೀಲಿಗೆ ನಾಲ್ಕು ಅಂಟಿಸಿ ಕೊಟ್ಟೆ. ಹುಡುಗನಿಗೆ ಏನೂ ಪ್ರಯೋಜನವಾಗಲಿಲ್ಲ, ಪಾರದರ್ಶಕ ಗುಂಡಿ ಕಣ್ಣಿಗೆ ಎಲ್ಲಿ ಕಾಣಬೇಕು? ಅಜ್ಜ ಕಾಯಿಯ ತಲೆ ಸವರಿ, "ಮೂರೋ ನಾಕೋ, ನನ್ನ ಬಟ್ಟಿಗೆ ತಿಳಿವಲ್ದವ್ವಾ" ಅಂದರು. ಸಕ್ಕರೆ ಕಾಯಿಲೆ ಬೆರಳಿನ ನರಗಳನ್ನೂ ಮಂಕು ಮಾಡಬಹುದು. ಬ್ರೈಲ್ ಅಕ್ಷರದಲ್ಲಿ ಚುಕ್ಕಿಗಳ ಅಂತರ ಸುಮಾರು 2.5 ಮಿಲಿಮೀಟರ್. ಮುಪ್ಪಿನಲ್ಲಿ ಕಣ್ಣು ಹೋದವರ ಬೆರಳಿಗೆ ಅಷ್ಟು ಸೂಕ್ಷ್ಮ ಬಹಳ ಸಲ ಸಿಗುವುದಿಲ್ಲ. ಗುರುತು ಹಾಕುವ ಮೊದಲು ಬೆರಳನ್ನೇ ಪರೀಕ್ಷೆ ಮಾಡಬೇಕಿತ್ತು. ಕಣ್ಣು ಮುಚ್ಚಿಸಿ ಒಂದು ಗುಂಡಿ, ಎರಡು ಗುಂಡಿ, ನುಣುಪು, ಒರಟು ಇವನ್ನು ಕೈಗೆ ಕೊಟ್ಟು ಕೇಳಿದರೆ ಐದು ನಿಮಿಷದ ಕೆಲಸ ಅಷ್ಟೆ.

ಆಮೇಲೆ ಎಣಿಕೆಯನ್ನೇ ಬಿಟ್ಟೆ. ಇದೆಯೋ ಇಲ್ಲವೋ ಅನ್ನುವಂಥ ಎರಡೇ ಗುರುತು ಇಟ್ಟುಕೊಂಡೆ. ಒಂದು ತಲೆಯ ಮೇಲೆ ಗುಂಡಿ, ಇನ್ನೊಂದು ಸೊಂಟಕ್ಕೆ ರಬ್ಬರ್ ಉಂಗುರ. ನಲ್ಲಿ ರಿಪೇರಿಯವರು ಓ-ರಿಂಗ್ ಅನ್ನುತ್ತಾರಲ್ಲ, ಅದೇ. ಮುಂಬೈಯ ನಾಗ್‌ದೇವಿ ಸ್ಟ್ರೀಟ್‌ನಲ್ಲಿ ಎಲ್ಲ ಅಳತೆಯದೂ ಸಿಗುತ್ತದೆ. ಕೆಂಪಿಗೆ ಏನೂ ಇಲ್ಲ. ಹಸಿರಿಗೆ ಉಂಗುರ. ಹಳದಿಗೆ ಗುಂಡಿ. ನೀಲಿಗೆ ಎರಡೂ. ಅಲ್ಲಿಗೆ ನಾಲ್ಕು ಬಣ್ಣವೂ ಮುಗಿಯಿತು. ಈ ಸಲ ಪಾರದರ್ಶಕ ಬೇಡ ಅಂತ ಉಂಗುರವನ್ನು ಕಪ್ಪು, ಹಳದಿಯ ಗುಂಡಿಯನ್ನೂ ಕಪ್ಪು, ನೀಲಿಯ ಗುರುತುಗಳನ್ನು ಬಿಳಿ ಮಾಡಿದೆ. ಈಗ ಹುಡುಗ ಬಣ್ಣ ನೋಡುವುದೇ ಇಲ್ಲ, ಕಪ್ಪು ಉಂಗುರ ಕಂಡರೆ ಹಸಿರು. ಅಜ್ಜ ಮುಟ್ಟಿ ಅದನ್ನೇ ತಿಳಿಯುತ್ತಾರೆ.

ಗುರುತು ಕಣ್ಣಿಗೆ ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಆಗಲೂ ಕಾಯಿಗಳು ಬೇರೆ ಬೇರೆ ಕಂಡರೆ ಸಾಕು. ಈ ಪರೀಕ್ಷೆ ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು. ಫೋಟೋದಲ್ಲಿ ಒಂದೇ ಬೂದು ಕಾಣುವ ಕೆಂಪು-ನೀಲಿ ಕಾಯಿಗಳನ್ನು ಆ ಹುಡುಗ ಸಲೀಸಾಗಿ ಬೇರ್ಪಡಿಸುತ್ತಾನೆ.

ಕಾಯಿಗಿಂತ ಜಾಸ್ತಿ ತಲೆ ತಿಂದಿದ್ದು ಬೋರ್ಡು. ಬೆರಳಿನಿಂದ ಹುಡುಕುವವರು ಕಾಯಿಗಳನ್ನು ಬೀಳಿಸುತ್ತಾರೆ. ಕಾಯಿ ನಿಲ್ಲದಿದ್ದರೆ ಎಷ್ಟು ಗುರುತು ಹಾಕಿದರೂ ದಂಡ. ಕಾಯಿಯ ಅಡಿಗೆ ಮ್ಯಾಗ್ನೆಟ್ ಹಾಕೋಣವೆಂದರೆ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಎರಡು ಪುಟ್ಟ ಮ್ಯಾಗ್ನೆಟ್ ನುಂಗಿದರೆ ಅವು ಕರುಳಿನ ಗೋಡೆಯ ಆಚೀಚೆ ಅಂಟಿಕೊಂಡು ತೂತು ಮಾಡಬಲ್ಲವು. ಹಾಗಾಗಿ ಅದನ್ನು ಕೈಬಿಟ್ಟೆವು.

ಬೋರ್ಡನ್ನು 45 ಸೆಂಟಿಮೀಟರಿಗೆ ದೊಡ್ಡದಾಗಿ ಪ್ರಿಂಟ್ ಮಾಡಿಸಿದೆವು. ಲೂಡೋದಲ್ಲಿ ಉದ್ದಕ್ಕೆ 15 ಮನೆ, ಆದ್ದರಿಂದ ಒಂದೊಂದು ಮನೆ 3 ಸೆಂಟಿಮೀಟರ್. ಅದರ ಮೇಲೆ 3 ಮಿಲಿಮೀಟರ್ ದಪ್ಪದ ಬೂದು ಫೋಮ್ ಶೀಟ್ ಇಟ್ಟು, ಪ್ರತಿ ಮನೆಗೂ 2.4 ಸೆಂಟಿಮೀಟರಿನ ಕಿಟಕಿ ಕತ್ತರಿಸಿದೆವು. ಸುತ್ತಿನ 52, ಒಳದಾರಿಗಳ 20, ಒಟ್ಟು 72 ಕಿಟಕಿ. ತಾಯಿ ಮತ್ತು ಮಗ ಎರಡು ಸಂಜೆ ಕೂತು ಕತ್ತರಿಸಿದರು. ಈಗ ಕಾಯಿ ಒಂದು ಪುಟ್ಟ ಕುಳಿಯೊಳಗೆ ಕೂರುತ್ತದೆ, ಬೆರಳು ತಗುಲಿದರೆ ಅಲ್ಲಾಡುತ್ತದೆಯೇ ಹೊರತು ಪಕ್ಕದ ಮನೆಗೆ ಜಾರುವುದಿಲ್ಲ. ಒಂದೇ ಮನೆಯಲ್ಲಿ ಮೂರು ಕಾಯಿ ಸೇರಿದರೆ ಮಾತ್ರ ಇಕ್ಕಟ್ಟು.

ಎಂಟು ಸೇಫ್ ಮನೆಗಳ ನೆಲಕ್ಕೆ ಮೆತ್ತನೆ ಫೆಲ್ಟ್ ಬಟ್ಟೆ ಹಾಕಿದೆವು. ಹಣ್ಣಾಗುವ ಒಳದಾರಿಗೆ ಮೊದಲು ಉಪ್ಪುಕಾಗದ ಹಾಕಿದ್ದೆ. ಎರಡು ಆಟ ಮುಗಿಯುವ ಹೊತ್ತಿಗೆ ಅಜ್ಜನ ತೋರುಬೆರಳು ಕೆಂಪಾಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಮರಗಟ್ಟಿದ ಬೆರಳಿಗೆ ಉಪ್ಪುಕಾಗದ ಕೊಡಲೇಬಾರದು. ಅದನ್ನು ಕಿತ್ತು ಗೋಣಿ ಬಟ್ಟೆ ಅಂಟಿಸಿದೆವು. ಉಳಿದ ಮನೆಗಳ ನೆಲ ಖಾಲಿ. ಎಲ್ಲ ಕಡೆ ಏನಾದರೂ ಅಂಟಿಸುತ್ತಾ ಹೋದರೆ ಬೆರಳಿಗೆ ಸಂತೆಯಲ್ಲಿ ನಿಂತ ಹಾಗಾಗುತ್ತದೆ.

ದಾಳದ ಕಥೆ ಬೇರೆ. 16 ಮಿಲಿಮೀಟರಿನ ಮಾಮೂಲಿ ದಾಳದ ಚುಕ್ಕಿಗಳ ಮೇಲೆ ಬಟ್ಟೆಗೆ ಹಚ್ಚುವ ಉಬ್ಬು ಬಣ್ಣದ ಹನಿ ಇಟ್ಟೆ. ಹುಡುಗನಿಗೆ ಸಂಶಯ ಬಂತು, 120 ಸಲ ಹಾಕಿ ಬರೆದಿಟ್ಟ. ಸರಿಯಾದ ದಾಳದಲ್ಲಿ ಪ್ರತಿ ಸಂಖ್ಯೆ ಸುಮಾರು 20 ಸಲ ಬರಬೇಕು. ಹನ್ನೆರಡರಿಂದ ಇಪ್ಪತ್ತೆಂಟರವರೆಗೆ ಹೆಚ್ಚುಕಡಿಮೆ ಆದರೆ ಅದು ಅದೃಷ್ಟ. ಅವನಿಗೆ ಒಂದು 34 ಸಲ ಬಂದಿತ್ತು, ಆರು ಬರೇ 9 ಸಲ. ಆರರ ಮುಖದ ಮೇಲೆ ಆರು ಹನಿ, ಅದರ ಎದುರಿನ ಒಂದರ ಮೇಲೆ ಒಂದೇ ಹನಿ. ಭಾರದ ಕಡೆ ಕೆಳಗಾಗಿ ಕೂತರೆ ಮೇಲೆ ಕಾಣುವುದು ಒಂದೇ, ಅಲ್ವಾ? ಬಡಗಿಯ ಹತ್ತಿರ 4 ಸೆಂಟಿಮೀಟರಿನ ಮರದ ದಾಳ ಮಾಡಿಸಿದೆವು. ಗಾತ್ರ ಹದಿನೈದು ಪಟ್ಟಿಗೂ ಹೆಚ್ಚಾಯಿತು, ಹನಿಗಳ ಭಾರ ಅದರ ಮುಂದೆ ಲೆಕ್ಕಕ್ಕಿಲ್ಲ. ಮತ್ತೆ 120 ಸಲ ಹಾಕಿದಾಗ ಒಂದು 22, ಆರು 18. ದಾಳ ಹಾಕುವುದು ಬಟ್ಟೆ ಹಾಸಿದ ಊಟದ ತಟ್ಟೆಯಲ್ಲಿ. ಇಲ್ಲದಿದ್ದರೆ ಮಂಚದಡಿ ಹುಡುಕುವುದೇ ಆಟವಾಗುತ್ತದೆ.

ನಿಯಮವನ್ನೂ ಒಂದಿಷ್ಟು ಬದಲಿಸಬೇಕಾಯಿತು. "ಮುಟ್ಟಿದ ಕಾಯಿ ನಡೆಸಲೇಬೇಕು" ಎಂದು ಹುಡುಗ ಹಟ ಹಿಡಿದಿದ್ದ. ಮುಟ್ಟದೆ ಅಜ್ಜ ಆಡುವುದು ಹೇಗೆ? ಅಂಧರ ಚೆಸ್‌ನಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಕಪ್ಪು ಮನೆಗಳು ಬಿಳಿಯದಕ್ಕಿಂತ ಕೊಂಚ ಎತ್ತರ, ಪ್ರತಿ ಮನೆಗೂ ತೂತು, ಕಾಯಿಗೆ ಮೊಳೆ. ಕಾಯಿ ತೂತಿನಿಂದ ಹೊರಬಂದರಷ್ಟೇ ಮುಟ್ಟಿದ ಲೆಕ್ಕ. ಇವರೂ ಅದನ್ನೇ ಹಿಡಿದರು. ಫೋಮಿನ ಕುಳಿಯಿಂದ ಕಾಯಿ ಮೇಲೆದ್ದರೆ ಮುಟ್ಟಿದ ಹಾಗೆ, ಸವರಿದರೆ ಅಲ್ಲ. ಜೊತೆಗೆ ಪ್ರತಿಯೊಬ್ಬರೂ ತಮ್ಮ ನಡೆಯನ್ನು ಬಾಯಿಬಿಟ್ಟು ಹೇಳಬೇಕು.

ಜುಲೈನಲ್ಲಿ ತಾಯಿಯ ಫೋನ್ ಬಂತು, ಅಜ್ಜ ತಮ್ಮದೇ ಕಾಯಿಯನ್ನು ಹೊಡೆದಿದ್ದರಂತೆ! ಮುಂಬೈ ಮಳೆಗೆ ಅಂಟು ಬಿಟ್ಟು ಒಂದು ಹಸಿರು ಕಾಯಿಯ ಉಂಗುರ ಜಾರಿತ್ತು. "ಏನೂ ಇಲ್ಲದ್ದು ಕೆಂಪು" ಅಂತ ನಾನೇ ಮಾಡಿದ ಲೆಕ್ಕದಲ್ಲಿ ಉಂಗುರ ಕಳಚಿದ ಹಸಿರು ಸದ್ದಿಲ್ಲದೆ ಕೆಂಪಾಗಿಬಿಡುತ್ತದೆ. ಈಗ ಉಂಗುರ ಕೂರುವ ಜಾಗದಲ್ಲಿ ಅರದಿಂದ ಸುತ್ತಲೂ ಸಣ್ಣ ತೋಡು ಕೊರೆದಿದ್ದೇನೆ. ಗುಂಡಿ ಅಂಟಿಸುವ ಮೊದಲು ಕಾಯಿಯ ತಲೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಂಟಿಸಿದ ಮೇಲೆ ಒಂದು ದಿನ ಮುಟ್ಟದೆ ಬಿಡುತ್ತೇನೆ. ಆಟ ಶುರುವಾಗುವ ಮೊದಲು ಅಜ್ಜ ಹದಿನಾರೂ ಕಾಯಿ ಸವರಿ, ನಾಲ್ಕು ನಾಲ್ಕು ಇವೆಯೇ ಎಂದು ಎಣಿಸಿಕೊಳ್ಳುತ್ತಾರೆ.