ಪದ ಪರಿಚಯ: ಮ್ಯಾಕ್‌ಸೆಕ್, ಮತ್ತು ದಾರಿಯಲ್ಲೇ ಕಳೆದುಹೋಗುವ ಎಂಕೆಎ

ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸಿಗೆ ಎರಡು ಕಟ್ಟಡ. ಮಧ್ಯೆ ಒಂದು ರಸ್ತೆ, ರಸ್ತೆಯ ಕೆಳಗೆ ನಮ್ಮದೇ ಫೈಬರ್. ಆ ಫೈಬರ್ ಹಾದುಹೋಗುವ ಚೇಂಬರಿನ ಮುಚ್ಚಳ ಎತ್ತಿ ಯಾರಾದರೂ ಫೈಬರಿಗೆ ಕೈ ಹಾಕಿದರೆ? ಅದಕ್ಕೇ ಮ್ಯಾಕ್‌ಸೆಕ್.

ಇದು 2006ರಲ್ಲಿ ಬಂದ ಐಇಇಇ 802.1ಎಇ ಮಾನದಂಡ. ಒಂದು ಸ್ವಿಚ್‌ನಿಂದ ಹೊರಡುವ ಪ್ರತಿ ಈಥರ್ನೆಟ್ ಫ್ರೇಮನ್ನೂ ಗುಟ್ಟು ಮಾಡಿ, ಇನ್ನೊಂದು ತುದಿಯ ಸ್ವಿಚ್‌ನಲ್ಲಿ ಬಿಚ್ಚುತ್ತದೆ. ಕಳಿಸುವವರ ಮತ್ತು ಪಡೆಯುವವರ ಮ್ಯಾಕ್ ವಿಳಾಸ ಹೊರಗೆ ಕಾಣುತ್ತದೆ, ಲಕೋಟೆಯ ಮೇಲಿನ ವಿಳಾಸದ ಹಾಗೆ. ಐಪಿ ವಿಳಾಸವೂ ಸೇರಿ ಒಳಗಿನದು ಕಾಣುವುದಿಲ್ಲ.

ಗುಟ್ಟು ಮಾಡಲು ಕೀ ಬೇಕು. ಎರಡೂ ತುದಿ ಅದನ್ನು ಒಪ್ಪಿಕೊಳ್ಳುವ ಮಾತುಕತೆಯ ಹೆಸರು ಎಂಕೆಎ. ನಾವು ಎರಡೂ ಕಡೆ ಮೊದಲೇ ಒಂದು ಮೂಲ ಕೀ ಹಾಕಿರುತ್ತೇವೆ, ಅದು ಸಿಎಕೆ. ಆ ಬೀಗದ ಕೈಗೆ ಕಟ್ಟಿದ ಹೆಸರಿನ ಚೀಟಿ ಸಿಕೆಎನ್. ಸಿಎಕೆ ಯಾವತ್ತೂ ಕೇಬಲ್ ಮೇಲೆ ಹೋಗುವುದಿಲ್ಲ. ಚೀಟಿ ಮಾತ್ರ ಬಯಲಾಗಿಯೇ ಹೋಗುತ್ತದೆ. ಎರಡು ಸೆಕೆಂಡಿಗೊಮ್ಮೆ ಎಂಕೆಎ ಫ್ರೇಮ್ ಹೊರಡುತ್ತದೆ. ಆರು ಸೆಕೆಂಡು ಆ ಕಡೆಯಿಂದ ಸದ್ದಿಲ್ಲದಿದ್ದರೆ ಜೊತೆಗಾರ ಇಲ್ಲ ಅಂತಲೇ ಲೆಕ್ಕ.

ನಮ್ಮ ಫೈಬರ್ ಮೇಲೆ ಇದೆಲ್ಲ ಮೊದಲ ದಿನವೇ ಕೆಲಸ ಮಾಡಿತು. ತೊಂದರೆ ಬಂದದ್ದು ಬ್ಯಾಕಪ್ ಲಿಂಕಿನಲ್ಲಿ. ಅದು ಬಾಡಿಗೆಯ ಈಥರ್ನೆಟ್ ಸರ್ಕ್ಯೂಟ್. ಅದೇ ಸ್ವಿಚ್, ಅದೇ ಕೀ, ಆದರೆ ಎಂಕೆಎ ಸೆಷನ್ `Init` ದಾಟಿ `Secured`ಗೆ ಬರಲೇ ಇಲ್ಲ. ಜೊತೆಯಲ್ಲಿದ್ದ ಧಾರವಾಡದ ಹುಡುಗ, "ಸರ, ಕೀ ಎರಡೂ ಕಡೆ ಒಂದ ಐತ್ರಿ, ಮೂರು ಸಲ ನೋಡೀನಿ" ಎಂದ. ನಾನು ನಂಬದೆ ನಾಲ್ಕನೇ ಸಲ ಟೈಪ್ ಮಾಡಿಸಿದೆ. ಸುಮ್ನೆ ಒಂದು ಗಂಟೆ ಹಾಳು.

ಕೀ ಮುಟ್ಟುವ ಮೊದಲು ಎಷ್ಟು ಎಂಕೆಎ ಫ್ರೇಮ್ ಹೋಯಿತು, ಎಷ್ಟು ಬಂತು ಎಂಬ ಸ್ವಿಚ್ಚಿನ ಲೆಕ್ಕ ನೋಡಬೇಕಿತ್ತು. ಎಂಕೆಎ ಫ್ರೇಮ್ ಬರುತ್ತಿದ್ದು ಫ್ರೇಮಿನ ಕೊನೆಯಲ್ಲಿರುವ ತಾಳೆ ಸಂಖ್ಯೆ ಐಸಿವಿಯ ತಪ್ಪು ಏರುತ್ತಿದ್ದರೆ ಚೀಟಿ ಸರಿ, ಸಿಎಕೆ ಬೇರೆ. ಫ್ರೇಮ್ ಬಂದರೂ ಸ್ವಿಚ್ ಕಿವಿಗೆ ಹಾಕಿಕೊಳ್ಳದಿದ್ದರೆ ಚೀಟಿಯನ್ನೇ ಅನುಮಾನಿಸಬೇಕು. ನಮ್ಮಲ್ಲಿ ಎರಡೂ ತುದಿಯಲ್ಲಿ ಕಳಿಸಿದ್ದು ಏರುತ್ತಿತ್ತು, ಬಂದದ್ದು ಸೊನ್ನೆ. ಅಂದರೆ ಕೀ ಸರಿಯೋ ತಪ್ಪೋ ಅನ್ನುವ ಪ್ರಶ್ನೆಯೇ ಇನ್ನೂ ಎದ್ದಿರಲಿಲ್ಲ, ಅಲ್ವಾ? ಆ ತುದಿಯಲ್ಲಿ ಸ್ವಿಚ್ ಬಿಚ್ಚಿ, ಸರ್ಕ್ಯೂಟಿಗೆ ಲ್ಯಾಪ್‌ಟಾಪ್ ಹಚ್ಚಿ, ಎಂಕೆಎಯನ್ನು ಹೊರುವ ಇಎಪಿಒಎಲ್ ಫ್ರೇಮಿನ ಗುರುತು 0x888e ಹಿಡಿದು ನೋಡಿದೆವು:

```
tcpdump -eni eth1 ether proto 0x888e
```

ಐದು ನಿಮಿಷ ಕಾದರೂ ಒಂದು ಸಾಲೂ ಇಲ್ಲ.

ಕಾರಣ ವಿಳಾಸದಲ್ಲಿತ್ತು. ಎಂಕೆಎ ಫ್ರೇಮ್ ಹೋಗುವುದು `01:80:C2:00:00:03` ಎಂಬ ಗುಂಪು ವಿಳಾಸಕ್ಕೆ. ಇದು "ಪಕ್ಕದ ಸ್ವಿಚ್‌ಗೆ ಮಾತ್ರ, ಮುಂದೆ ಕಳಿಸಬೇಡ" ಎಂದು ಮೀಸಲಿಟ್ಟ ವಿಳಾಸಗಳಲ್ಲಿ ಒಂದು. ನಮ್ಮದೇ ಫೈಬರಿನಲ್ಲಿ ಪಕ್ಕದ ಸ್ವಿಚ್ ಎಂದರೆ ಆಚೆ ಕಟ್ಟಡದ್ದೇ. ಬಾಡಿಗೆ ಸರ್ಕ್ಯೂಟಿನಲ್ಲಿ ಪಕ್ಕದ್ದು ಸೇವೆ ಕೊಡುವವರ ಸ್ವಿಚ್. ಅದು ನಿಯಮದಂತೆ ಫ್ರೇಮನ್ನು ಅಲ್ಲೇ ನಿಲ್ಲಿಸಿತು. ಅದರ ತಪ್ಪೇನಿಲ್ಲ.

ಸಿಸ್ಕೊ ಸಾಧನಗಳಲ್ಲಿ ಎಲ್ಲದರಲ್ಲೂ ಅಲ್ಲದಿದ್ದರೂ ಕೆಲವುದರಲ್ಲಿ ಈ ವಿಳಾಸ ಬದಲಿಸಬಹುದು. ನಮ್ಮದರಲ್ಲಿ ಆಗುತ್ತಿತ್ತು. ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ವಿಳಾಸವಾದರೆ ನಡುವಿನ ಸ್ವಿಚ್ ಅದನ್ನು ಮುಂದೆ ಕಳಿಸುತ್ತದೆ, ಹಾಗಾಗಿ ಎರಡೂ ತುದಿಯ ಇಂಟರ್ಫೇಸಿನಲ್ಲಿ ಇಷ್ಟು ಸೇರಿಸಿದೆವು:

```
eapol destination-address broadcast-address
```

ಕೆಲವೇ ಸೆಕೆಂಡಿನಲ್ಲಿ ಸೆಷನ್ `Secured` ಆಯಿತು. ಇಲ್ಲೊಂದು ಮಾತು. ಲಿಂಕ್ ಏಳಲಿಲ್ಲ ಅಂತ ಕೆಲವರು `should-secure` ಹಾಕಿಬಿಡುತ್ತಾರೆ. ಲಿಂಕ್ ಏಳುತ್ತದೆ ನಿಜ, ಆದರೆ ಎಂಕೆಎ ಆಗದಿದ್ದರೆ ಡೇಟಾ ಬಯಲಾಗಿಯೇ ಓಡುತ್ತದೆ. ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಎಂಕೆಎ ಆಗದಿದ್ದರೆ ಡೇಟಾವನ್ನೇ ಬಿಡದ `must-secure` ತೆಗೆಯಲು ನಾನಂತೂ ಬಿಡುವುದಿಲ್ಲ.

ಮಾರನೇ ದಿನ ಇನ್ನೊಂದು ದೂರು. ಪಿಂಗ್ ಹೋಗುತ್ತದೆ, ಫೈಲ್ ಕಾಪಿ ನಡುವೆಯೇ ನಿಲ್ಲುತ್ತದೆ. ಈ ಸಲ ಕೀ ಕಡೆ ತಲೆ ಹಾಕಲಿಲ್ಲ. ಮ್ಯಾಕ್‌ಸೆಕ್ ಪ್ರತಿ ಫ್ರೇಮಿಗೂ 32 ಬೈಟ್‌ವರೆಗೆ ಸೇರಿಸುತ್ತದೆ: ಮುಂದೆ 16ರ ಟ್ಯಾಗ್, ಹಿಂದೆ 16ರ ಐಸಿವಿ. ಸರ್ಕ್ಯೂಟ್ 1500 ಬೈಟಿನ ಪ್ಯಾಕೆಟ್ಟಿನ ಲೆಕ್ಕದ್ದಾದರೆ ದೊಡ್ಡ ಫ್ರೇಮ್ ಸದ್ದಿಲ್ಲದೆ ಬೀಳುತ್ತದೆ. ಈ ಕಟ್ಟಡದ ಲಿನಕ್ಸ್ ಯಂತ್ರದಿಂದ ಆ ಕಟ್ಟಡದ ಯಂತ್ರಕ್ಕೆ ನೋಡಿದೆವು:

```
ping -M do -s 1440 10.20.0.5
ping -M do -s 1472 10.20.0.5
```

ಮೊದಲನೆಯದಕ್ಕೆ ಉತ್ತರ ಬಂತು, ಎರಡನೆಯದಕ್ಕೆ ಇಲ್ಲ. ಹೆಡರಿನ 28 ಬೈಟ್ ಸೇರಿದರೆ ಇವು 1468 ಮತ್ತು 1500, ಎರಡಕ್ಕೂ ನಡುವಿನ ಅಂತರ ಸರಿಯಾಗಿ 32. ಸರ್ಕ್ಯೂಟಿನವರು ದೊಡ್ಡ ಫ್ರೇಮಿಗೆ ಒಪ್ಪುವವರೆಗೆ ಆ ಲಿಂಕಿನಲ್ಲಿ ಹೋಗಬಹುದಾದ ಐಪಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಅಂದರೆ ಐಪಿ ಎಂಟಿಯು, 1468ಕ್ಕೆ ಇಳಿಸಿಟ್ಟೆವು.