ಪದ್ದು, ಪದ್ದಕ್ಕ, ಪದ್ದತ್ತೆ: ಮುದ್ದು ಹೆಸರಿನ ಬಾಲಗಳ ಟಿಪ್ಪಣಿ

ಮೊದಲು ನನ್ನದೇ ತಪ್ಪು ಹೇಳಿಬಿಡ್ತೀನಿ. ಈ ಟಾಪಿಕ್ ಓದೋಕೆ ಕೂತಾಗ ನೋಟ್‌ಬುಕ್ಕಲ್ಲಿ "ಪ್ರೀತಿಯ ಪ್ರತ್ಯಯಗಳು: ಉ, ಅಪ್ಪ, ಕ್ಕ" ಅಂತ ಒಂದೇ ಸಾಲಲ್ಲಿ ನೀಟಾಗಿ ಬರೆದು ಕೆಳಗೆ ಗೆರೆ ಬೇರೆ ಹೊಡೆದಿದ್ದೆ. ಆಮೇಲೆ ಮನೇಲಿ, ಬೀದೀಲಿ ಕೇಳೋ ಹೆಸರುಗಳನ್ನ ಒಂದೊಂದಾಗಿ ಬಿಡಿಸಿ ನೋಡಿದಾಗ ಗೊತ್ತಾಯ್ತು ಈ ಮೂರೂ ಒಂದೇ ಜಾತಿಯವಲ್ಲ, ಅದರಲ್ಲೂ "ಕ್ಕ" ಅನ್ನೋ ಪ್ರತ್ಯಯವೇ ಇಲ್ಲ ಅಂತ. ಉ ಅನ್ನೋದು ನಿಜವಾಗ್ಲೂ ಬಾಲ, ಒಂಟಿಯಾಗಿ ಅದಕ್ಕೆ ಅರ್ಥ ಇಲ್ಲ. ಅಪ್ಪ, ಅಕ್ಕ ಪೂರ್ತಿ ಪದಗಳು, ಹೆಸರಿನ ಪಕ್ಕ ಬಂದು ಸಂಧಿಯಾಗಿ ಬಾಲದ ಥರ ಕಾಣ್ತವೆ ಅಷ್ಟೇ. ಈ ಒಂದು ವ್ಯತ್ಯಾಸ ಹಿಡಿದುಕೊಂಡ್ರೆ ಉಳಿದಿದ್ದು ತಾನಾಗೇ ಬಿಡಿಸಿಕೊಳ್ಳುತ್ತೆ.

ಬಾಲ ಅಂಟೋಕೆ ಮುಂಚೆ ಹೆಸರು ತುಂಡಾಗಬೇಕು, ಅದನ್ನ ಮೊದಲು ನೋಡೋಣ. ಸುಬ್ರಹ್ಮಣ್ಯ ತಗೊಳ್ಳಿ. ಇದಕ್ಕೆ ಸೀದಾ ಉ ಹಾಕಿ ಸುಬ್ರಹ್ಮಣ್ಯು ಅಂತ ಯಾರೂ ಕರೆಯಲ್ಲ. ಮೊದಲಕ್ಷರ "ಸು" ಇಟ್ಕೊಂಡು ಅದರ ಪಕ್ಕದ ಬ್ ಅನ್ನೂ ಎಳೆದುಕೊಂಡು, ಒತ್ತಿನಲ್ಲಿದ್ದ ರಕಾರ ಉದುರಿಸಿ, ಉಳಿದಿದ್ದೆಲ್ಲ ಬಿಟ್ಟುಬಿಡ್ತೀವಿ. ರಕಾರ ಹೋದ ಜಾಗಕ್ಕೆ ಬಕಾರವೇ ಇನ್ನೊಂದ್ಸಲ ಬಂದು ಕೂರುತ್ತೆ, ಸುಬ್ಬ್ ಅನ್ನೋ ಮೊಂಡು ತುಂಡು ಸಿಗುತ್ತೆ. ಕನ್ನಡದಲ್ಲಿ ಇದು ಹೀಗೇ ನಿಲ್ಲಲ್ಲ, ಕೊನೇಲಿ ಸ್ವರ ಬೇಕು, ಅಲ್ಲಿ ಅ ಹಾಕಿದ್ರೆ ಸುಬ್ಬ, ಉ ಹಾಕಿದ್ರೆ ಸುಬ್ಬು.

ಯಾಕೆ ಬಕಾರ ಎರಡಾಗಬೇಕು? ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ರೆ ಉತ್ತರ ಅಲ್ಲೇ ಇದೆ. ಮುದ್ದು ಹೆಸರಿನ ಮೊದಲಕ್ಷರಕ್ಕೆ ಗುರು ಆಗೋ ಆಸೆ ಜಾಸ್ತಿ. ಮೊದಲಕ್ಷರ ಆಗ್ಲೇ ದೀರ್ಘ ಆಗಿದ್ರೆ ಏನೂ ಮಾಡೋದು ಬೇಡ: ರಾಮಚಂದ್ರ ರಾಮು ಆಗ್ತಾನೆ, ಗೋಪಾಲ ಗೋಪಿ, ನಾರಾಯಣ ನಾಣಿ, ಪಾರ್ವತಿ ಪಾರು. ಅನುಸ್ವಾರ ಇದ್ರೂ ಗುರುವೇ, ಅದಕ್ಕೆ ವೆಂಕಟೇಶ ವೆಂಕು ಆಗ್ತಾನೆ, ಅಂಬರೀಶ್ ಅಂಬಿ ಆದ್ರು. ಮೊದಲಕ್ಷರ ಗಿಡ್ಡ ಆಗಿದ್ದಾಗ ಮಾತ್ರ ಮುಂದಿನ ವ್ಯಂಜನಕ್ಕೆ ಒತ್ತು ಕೊಟ್ಟು ಗುರು ಮಾಡ್ಕೊಳ್ತೀವಿ. ಉಪೇಂದ್ರ ಅವ್ರನ್ನ ಅಭಿಮಾನಿಗಳು ಉಪಿ ಅನ್ನಲಿಲ್ಲ, ಉಪ್ಪಿ ಅಂದ್ರು. ದರ್ಶನ್ ಅನ್ನೋ ಹೆಸರಲ್ಲಿ ರಕಾರ ಬಿದ್ದು ಶ ಹೋಗಿ ಚ ಆಗಿ ಅದಕ್ಕೊಂದು ಒತ್ತು ಸೇರಿ ದಚ್ಚು ಆಯ್ತು. ಈ ಹೆಸರುಗಳನ್ನ ಕಟ್ಟಿದವರು ಯಾರೂ ವ್ಯಾಕರಣ ತೆಗೆದು ನೋಡಿಲ್ಲ, ಆದ್ರೂ ಅಳತೆ ತಪ್ಪಿಲ್ಲ ನೋಡಿ.

ಇದು ಕಬ್ಬಿಣದ ರೂಲ್ ಅಂತ ಮಾತ್ರ ಬರ್ಕೋಬೇಡಿ. ಶಿವು, ಬಸು, ವಿಜಿ ಇವೆಲ್ಲ ಒತ್ತಿಲ್ಲದೇನೇ ಓಡಾಡ್ತಿವೆ. ಎರಡು ಲಘು ಸೇರಿದ್ರೆ ಎರಡು ಮಾತ್ರೆ, ಅಂದ್ರೆ ಒಂದು ಗುರುವಿನಷ್ಟೇ ತೂಕ, ಹಾಗಾಗಿ ಅದೂ ನಡೆಯುತ್ತೆ ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ. ನಡುವೆ ರಕಾರ ಇದ್ರಂತೂ ಒತ್ತು ಬರೋದೇ ಇಲ್ಲ ಅನ್ನಬಹುದು, ಸರು, ಗಿರಿ, ಹರಿ ಹಾಗೇ ಇರ್ತವೆ. ಚಂದ್ರು, ಅನಂತು, ನರಸು ಥರದವು ಜಾಸ್ತಿ ತುಂಡಾಗದೆ ಉದ್ದಕ್ಕೇ ಉಳಿದುಕೊಂಡಿವೆ.

ಒತ್ತಕ್ಷರಗಳು ಕರಗೋ ರೀತಿ ಮಾತ್ರ ತುಂಬಾ ಹಳೇದು. ಪದ್ಮ ಹೋಗಿ ಪದ್ದು, ಲಕ್ಷ್ಮಿ ಹೋಗಿ ಲಕ್ಕಿ ಇಲ್ಲ ಲಚ್ಚಿ, ಶ್ರೀನಿವಾಸ ಹೋಗಿ ಸೀನ. ಕೃಷ್ಣ ಯಾಕೆ ಕಿಟ್ಟ ಆದ, ಟಕಾರ ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಳ್ಳೋರಿಗೆ ಹೊಯ್ಸಳರ ವಿಷ್ಣುವರ್ಧನನ್ನ ನೆನಪಿಸ್ತೀನಿ: ಅವನ ಇನ್ನೊಂದು ಹೆಸರು ಬಿಟ್ಟಿದೇವ. ವಿಷ್ಣು ಬಿಟ್ಟಿ ಆದ ಹಾಗೇ ಕೃಷ್ಣ ಕಿಟ್ಟಿ, ಎರಡರಲ್ಲೂ ಷ್ಣ ಹೋಗಿ ಟ್ಟ ಬಂದಿದೆ. ನಮ್ಮ ಬೀದಿಯ ಕಿಟ್ಟಿಗೂ 12ನೇ ಶತಮಾನದ ರಾಜನಿಗೂ ಒಂದೇ ಅಚ್ಚು.

ಇಲ್ಲೇ ಒಂದು ಗುಂಡಿ ಇದೆ, ನಾನು ಬಿದ್ದಿದ್ದು ಇಲ್ಲೇ. ಲಕ್ಕಣ್ಣ ಅನ್ನೋ ಹೆಸರಲ್ಲಿ "ಕ್ಕ" ನೋಡಿ ಓಹೋ ಪ್ರತ್ಯಯ ಅಂದ್ಕೊಂಡಿದ್ದೆ. ಅದು ಲಕ್ಷ್ಮಣನ ಕ್ಷಕಾರ ಕರಗಿ ಬಂದ ಕ್ಕ, ಅದಕ್ಕೂ ಅಕ್ಕನಿಗೂ ಸಂಬಂಧವೇ ಇಲ್ಲ. ತಿಮ್ಮಕ್ಕನಲ್ಲಿ ಇರೋದು ಬೇರೆ: ತಿಮ್ಮ ಮತ್ತು ಅಕ್ಕ. ತಿಮ್ಮನ ಕೊನೆಯ ಅಕಾರ ಲೋಪ ಆಗಿ ಅಕ್ಕದ ಅಕಾರ ಆ ಜಾಗಕ್ಕೆ ಬಂದು ಕೂತಿದೆ, ನಮ್ಮ ಕಣ್ಣಿಗೆ ಹೊಸದಾಗಿ ಸೇರಿದ್ದು ಬರೀ "ಕ್ಕ" ಅನ್ನಿಸುತ್ತೆ. ಸಂಶಯ ಬಂದಾಗ ಬೇರೆ ಸ್ವರದಲ್ಲಿ ಮುಗಿಯೋ ಹೆಸರು ಹಾಕಿ ನೋಡಿ. ಗೌರಿಗೆ ಬರೀ "ಕ್ಕ" ಸೇರೋದಾಗಿದ್ರೆ ಗೌರಿಕ್ಕ ಆಗಬೇಕಿತ್ತು, ಆದ್ರೆ ಜನ ಕರೆಯೋದು ಗೌರಕ್ಕ. ಇ ಹೋಗಿ ಅ ಬಂತು ಅಂದ್ರೆ ಆ ಅ ಅಕ್ಕನದ್ದೇ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗೋ ಅದೇ ಲೋಪಸಂಧಿ.

ಈಗ ಉ. ಇದನ್ನ ಬಸ್ಸು, ಕಾರು, ಪೆನ್ನು ಇವುಗಳ ಉಕಾರ ಅಂದ್ಕೊಳ್ಳೋರು ತುಂಬಾ ಜನ. ಅಲ್ಲಿ ವ್ಯಂಜನಕ್ಕೆ ಆಸರೆ ಬೇಕು ಅಂತ ಉ ಬರೋದು. ಇಲ್ಲಿ ಹಾಗಲ್ಲ, ರಾಮ ಅನ್ನೋದ್ರಲ್ಲಿ ಸ್ವರ ಆಗ್ಲೇ ಇದೆ, ಅದನ್ನ ತೆಗೆದುಹಾಕಿ ಬೇಕು ಅಂತಲೇ ಉ ಹಾಕ್ತೀವಿ. ಎರಡನ್ನೂ ಬೇರೆ ಮಾಡೋಕೆ ಒಂದು ಸುಲಭದ ಟೆಸ್ಟ್ ಇದೆ, "ಗೆ" ಹಚ್ಚಿ ನೋಡೋದು. ಮಂಜು ಅಂದ್ರೆ ಹಿಮ, ಇಬ್ಬನಿ ಆದಾಗ ಮಂಜಿಗೆ, ಮಂಜಿನ ಅಂತೀವಿ. ಮಂಜು ಅಂದ್ರೆ ಮಂಜುನಾಥ ಆದಾಗ ಮಂಜುಗೆ, ಮಂಜುನ ಅಂತೀವಿ. "ಮಂಜಿಗೆ ಫೋನ್ ಮಾಡು" ಅಂದ್ರೆ ಕೇಳಿದವರು ನಗ್ತಾರೆ. ಮುತ್ತೂ ಅಷ್ಟೇ, ಹಾರದ ಮುತ್ತಿಗೆ ಬೆಲೆ ಕಟ್ತೀವಿ, ಮನೆಯ ಮುತ್ತುಗೆ ಊಟ ಕೊಡ್ತೀವಿ. ಆಸರೆಯ ಉ ವಿಭಕ್ತಿ ಬಂದ ತಕ್ಷಣ ಜಾಗ ಬಿಡುತ್ತೆ, ಹೆಸರಿನ ಉ ಕದಲಲ್ಲ. ಆದ್ರೆ ಅದೇ ಹಠಮಾರಿ ಉ ಸಂಬಂಧದ ಪದ ಬಂದಾಗ ಸುಮ್ನೆ ಎದ್ದು ಹೋಗುತ್ತೆ: ಮಂಜು ಮತ್ತು ಅಣ್ಣ ಸೇರಿದ್ರೆ ಮಂಜಣ್ಣ. ಬರವಣಿಗೆಯಲ್ಲಿ ಮಂಜುವನ್ನು ಅಂತ ವಕಾರ ತಂದಾದ್ರೂ ಉ ಉಳಿಸ್ಕೊಳ್ತೀವಿ, ಅದೇ ಅಣ್ಣನ ಮುಂದೆ ಉಳಿಸಲ್ಲ, ಮಂಜುವಣ್ಣ ಅಂತ ನಾನಂತೂ ಕೇಳಿಲ್ಲ.

ಉ ಇನ್ನೊಂದು ಕೆಲಸ ಮಾಡುತ್ತೆ, ಗಂಡೋ ಹೆಣ್ಣೋ ಅನ್ನೋದನ್ನ ಮುಚ್ಚಿಡುತ್ತೆ. ಪುಟ್ಟ ಹುಡುಗ, ಪುಟ್ಟಿ ಹುಡುಗಿ, ಪುಟ್ಟು ಇಬ್ಬರಲ್ಲಿ ಯಾರೂ ಆಗಬಹುದು. ಮಂಜು ಮಂಜುನಾಥನೂ ಹೌದು ಮಂಜುಳಾನೂ ಹೌದು. ಕೂಸಿನ ವಯಸ್ಸಲ್ಲಿ ಕ್ರಿಯಾಪದವೂ ಇದಕ್ಕೆ ತಾಳ ಹಾಕುತ್ತೆ, "ಪುಟ್ಟು ಬಂತು, ಪುಟ್ಟು ಮಂಮಂ ತಿಂತು" ಅಂತ ನಪುಂಸಕಲಿಂಗದಲ್ಲೇ ಮುದ್ದು ಮಾಡ್ತೀವಿ. ಇ ಬಂದ್ರೆ ಹೆಣ್ಣು ಅಂತ ಮಾತ್ರ ಕಣ್ಮುಚ್ಚಿ ಬರೀಬೇಡಿ. ರಂಗ, ರಂಗಿ ಥರ ಜೋಡಿ ಇದ್ದಾಗ ಅದು ನಿಜ, ಆದ್ರೆ ಕಿಟ್ಟಿ, ನಾಣಿ, ಅಂಬಿ, ಉಪ್ಪಿ ಎಲ್ಲ ಗಂಡಸರೇ. ಬರೀ ಅಕಾರದ ಸೀನ, ವೆಂಕ, ತಿಮ್ಮ ಇವು ಸಲಿಗೆ ಇದ್ದವರ ಬಾಯಲ್ಲಿ ಪ್ರೀತಿ, ಇಲ್ಲದವರ ಬಾಯಲ್ಲಿ ಅಸಡ್ಡೆ. ಉತ್ತರ ಕರ್ನಾಟಕದ ಬಸ್ಯಾ, ನಿಂಗ್ಯಾ ಕೂಡ ಇದೇ ಥರ, ಗೆಳೆಯ ಅಂದ್ರೆ ಸಿಹಿ, ಅಪರಿಚಿತ ಅಂದ್ರೆ ಜಗಳಕ್ಕೆ ದಾರಿ.

ಒಂದೇ ಮನೆಯ ಒಬ್ಬ ಪದ್ಮಾವತಿಯನ್ನ ತಗೊಂಡು ಎಲ್ಲಾನೂ ಒಟ್ಟಿಗೆ ನೋಡೋಣ. ಅವರಮ್ಮ ಕರೆಯೋದು ಪದ್ದು, ದೂರದಿಂದ ಕೂಗಿದ್ರೆ ಪದ್ದೂ ಅಂತ ಉ ಎಳೆದುಕೊಳ್ಳುತ್ತೆ. ತಮ್ಮ ಕರೆಯೋದು ಪದ್ದಕ್ಕ. ತಮ್ಮನ ಮಕ್ಕಳಿಗೆ ಅವರು ಪದ್ದತ್ತೆ. ತಂಗಿಯ ಮಕ್ಕಳಿಗೆ ಪದ್ದು ದೊಡ್ಡಮ್ಮ, ಇಲ್ಲಿ ಗಮನಿಸಿ, ಅಕ್ಕ ಮತ್ತು ಅತ್ತೆ ಸ್ವರದಿಂದ ಶುರುವಾಗೋದ್ರಿಂದ ಉ ಬಿದ್ದುಹೋಯ್ತು, ದೊಡ್ಡಮ್ಮ ದಕಾರದಿಂದ ಶುರುವಾದ್ದರಿಂದ ಉ ಉಳೀತು. ಬೀದಿಯವರಿಗೆ ಅವರು ಪದ್ಮಮ್ಮ ಇಲ್ಲ ಪದ್ದಮ್ಮ. ಉ ಹೇಳೋದು ನಾನು ನಿನಗೆ ಹತ್ತಿರ ಅನ್ನೋದನ್ನ ಮಾತ್ರ, ಅಕ್ಕ ಅತ್ತೆ ಹೇಳೋದು ನಾನು ನಿನಗೆ ಏನಾಗಬೇಕು ಅನ್ನೋದನ್ನೂ. ಅದಕ್ಕೇ ಚಿಕ್ಕವರು ದೊಡ್ಡವರನ್ನ ಬರೀ ಪದ್ದು ಅಂದ್ರೆ ಮನೇಲಿ ಬೈಸ್ಕೊಳ್ತಾರೆ, ಪದ್ದಕ್ಕ ಅಂದ್ರೆ ಅದೇ ತುಂಡು ಹೆಸರಿಗೆ ಮರ್ಯಾದೆ ಬಂದುಬಿಡುತ್ತೆ.

ಅಪ್ಪದ ಕಥೆ ಸ್ವಲ್ಪ ಬೇರೆ. ಮಂಜಣ್ಣ ಅಂದಾಗ ಅಣ್ಣ ಇನ್ನೂ ಬದುಕಿರೋ ಪದ, ಅವನಿಗಿಂತ ದೊಡ್ಡವರು ಸಾಮಾನ್ಯವಾಗಿ ಅದನ್ನ ಬಿಟ್ಟು ಮಂಜು ಅಂತಾರೆ. ಆದ್ರೆ ನಾಗಪ್ಪನನ್ನ ಅವನ ಅಜ್ಜನೂ ನಾಗಪ್ಪ ಅಂತಲೇ ಕರೀತಾನೆ, ಅಪ್ಪ ಹೆಸರೊಳಗೆ ಕರಗಿ ಗಟ್ಟಿಯಾಗಿದೆ. ಕುವೆಂಪು ಅನ್ನೋದ್ರ ಕೊನೆಯ "ಪು" ಪುಟ್ಟಪ್ಪ, ಅಂದ್ರೆ ಪುಟ್ಟ ಮತ್ತು ಅಪ್ಪ, ಅದು ರೆಕಾರ್ಡಿನ ಹೆಸರೇ ಆಗಿತ್ತು. ದೇವರನ್ನೂ ಬಿಟ್ಟಿಲ್ಲ, ಮಲೆ ಮಹದೇಶ್ವರ ಮಾದಪ್ಪ, ತಿರುಪತಿಯವನು ತಿಮ್ಮಪ್ಪ. ಅಪ್ಪ ಗಟ್ಟಿಯಾಗಿದೆ ಅನ್ನೋಕೆ ಸಾಕ್ಷಿ ಬೇಕಂದ್ರೆ ತಿಮ್ಮಪ್ಪಣ್ಣ ಅನ್ನೋ ಕರೆ ಕೇಳಿಸ್ಕೊಳ್ಳಿ, ಅಪ್ಪನ ಮೇಲೆ ಅಣ್ಣ ಕೂತಿದೆ, ಒಬ್ಬನೇ ಮನುಷ್ಯ ಅಪ್ಪನೂ ಅಣ್ಣನೂ ಆಗೋಕಾಗಲ್ವಲ್ಲ, ಒಳಗಿನದು ಬರೀ ಹೆಸರಾಗಿರೋದ್ರಿಂದಲೇ ಹೊರಗೆ ಇನ್ನೊಂದಕ್ಕೆ ಜಾಗ ಸಿಕ್ಕಿದ್ದು.

ಕೆಲವೊಮ್ಮೆ ಎಲ್ಲ ತಲೆಕೆಳಗಾಗಿ ಅಪ್ಪ, ಅಮ್ಮ ಅನ್ನೋ ಪದಗಳಿಗೇ ಉ ಅಂಟಿ ಅಪ್ಪು, ಅಮ್ಮು ಆಗ್ತವೆ, ಮತ್ತೆ ಅದು ಮಕ್ಕಳ ಹೆಸರು. ಇಲ್ಲೂ "ಗೆ" ಟೆಸ್ಟ್ ಕೆಲಸ ಮಾಡುತ್ತೆ: ಅಪ್ಪನಿಗೆ ಹೇಳು ಅಂದ್ರೆ ತಂದೆಗೆ, ಅಪ್ಪುಗೆ ಹೇಳು ಅಂದ್ರೆ ಮಗನಿಗೆ. ಈಗಿನ ವ್ಯಂಜನದಲ್ಲಿ ನಿಲ್ಲೋ ಹೆಸರುಗಳಲ್ಲಿ ಸುರೇಶ್ ಸುರೇಶಣ್ಣ ಆಗೋದು ಸಲೀಸು, ಸಿಕ್ಕಿಹಾಕ್ಕೊಳ್ಳೋದು ಕಿರಣ್. ಕಿರಣಣ್ಣ ಅಂತ ಒಂದೇ ಉಸಿರಲ್ಲಿ ಹೇಳಿ ನೋಡಿ, ನಾಲಿಗೆ ಣಕಾರಗಳ ಮಧ್ಯೆ ತಡವರಿಸುತ್ತೆ, ಅದಕ್ಕೇ ನಮ್ಮ ಹುಡುಗರು ನಡುವೆ ಒಂದು ಗ್ಯಾಪ್ ಬಿಟ್ಟು "ಕಿರಣ್ ಅಣ್ಣ" ಅಂತ ಕರೆದು ಸಂಧಿಯನ್ನೇ ತಪ್ಪಿಸ್ತಾರೆ.